ಒಂದು ಬಸ್ಸು, 46 ಮಕ್ಕಳು: ಪ್ರವಾಸದ ದಿನ ಕೈಯಲ್ಲಿರಬೇಕಾದ ಪಟ್ಟಿ

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆ. ಡಿಸೆಂಬರ್‌ನಲ್ಲಿ ಒಂಬತ್ತನೇ ತರಗತಿಯ 46 ಮಕ್ಕಳನ್ನು (24 ಹುಡುಗಿಯರು, 22 ಹುಡುಗರು) ಒಂದು ದಿನದ ಪ್ರವಾಸಕ್ಕೆ ಶ್ರವಣಬೆಳಗೊಳ, ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗಬೇಕು. ಕೆಎಸ್‌ಆರ್‌ಟಿಸಿ ಬಸ್ ಒಂದು, ಶಿಕ್ಷಕರು ನಾಲ್ವರು. ಈ ಸಲ ಪೂರ್ತಿ ಜವಾಬ್ದಾರಿ ನನ್ನ ಮೇಲೆ ಬಂದಿದೆ. ಮಕ್ಕಳ ಲೆಕ್ಕ, ಪೋಷಕರ ಒಪ್ಪಿಗೆ ಪತ್ರ, ಔಷಧಿ, ಬಸ್ಸಿನಲ್ಲಿ ಇಡಬೇಕಾದ ಸಾಮಾನು, ಇವುಗಳ ಪಟ್ಟಿ ಹೇಗೆ ಮಾಡಿಕೊಳ್ಳಲಿ? ಏನನ್ನಾದರೂ ಮರೆತುಬಿಡುತ್ತೇನೇನೋ ಎಂಬ ಭಯ ಇದೆ.

ಉತ್ತರ: ಮೇಡಂ, ಮೊದಲು ಐದನೆಯ ದೊಡ್ಡವರೊಬ್ಬರನ್ನು ಹುಡುಕಿಕೊಳ್ಳಿ. ಎಸ್‌ಡಿಎಂಸಿಯಲ್ಲಿರುವ ಒಬ್ಬ ತಾಯಿ ಬಂದರೂ ಸಾಕು. ನಾಲ್ವರಿಗೆ ಒಂದೊಂದು ಗುಂಪು ಕೊಟ್ಟು, ನೀವು ಯಾವ ಗುಂಪನ್ನೂ ಇಟ್ಟುಕೊಳ್ಳದೆ ಇರಬೇಕು. ಒಂದು ಮಗುವಿಗೆ ಹುಷಾರಿಲ್ಲದೆ ಹೋದರೆ ಒಬ್ಬ ದೊಡ್ಡವರು ಅದರ ಜೊತೆ ಆಸ್ಪತ್ರೆಗೆ ಹೋಗಲೇಬೇಕಾಗುತ್ತದೆ. ಆಗ ಅವರ ಗುಂಪನ್ನು ನೋಡಿಕೊಳ್ಳಲು ಕೈ ಖಾಲಿ ಇರುವವರು ಒಬ್ಬರು ಇರಬೇಕು. ನಾಲ್ವರೇ ಹೊರಟು ನಾಲ್ವರಿಗೂ ಗುಂಪು ಹಂಚಿದರೆ ಅಂಥ ಹೊತ್ತಿನಲ್ಲಿ ಹನ್ನೊಂದು ಹನ್ನೆರಡು ಮಕ್ಕಳು ಯಾರ ಲೆಕ್ಕಕ್ಕೂ ಸಿಗದೆ ಉಳಿಯುತ್ತಾರೆ.

ನಾಲ್ಕು ಗುಂಪು ಎಂದರೆ 12, 12, 11, 11. ಹುಡುಗಿಯರ ಎರಡು ಗುಂಪನ್ನು ಮಹಿಳೆಯರೇ ನೋಡಿಕೊಳ್ಳಲಿ. ಗುಂಪಿನೊಳಗೆ ಮಕ್ಕಳನ್ನು ಜೋಡಿ ಮಾಡಿ, ಬೆಸ ಸಂಖ್ಯೆ ಬಂದಲ್ಲಿ ಮೂವರದ್ದೊಂದು ಮಾಡಿ. ಜೋಡಿಯನ್ನು ಮಕ್ಕಳೇ ಆರಿಸಿಕೊಳ್ಳಲಿ. ಇಷ್ಟವಿಲ್ಲದ ಜೊತೆಗಾರ ಕಣ್ಮರೆಯಾದರೆ ಮಗು ಬಾಯಿ ಬಿಡುವುದಿಲ್ಲ, ಪ್ರಾಣದ ಗೆಳತಿ ಕಾಣದಿದ್ದರೆ ಅರ್ಧ ನಿಮಿಷದಲ್ಲಿ ಕೂಗುತ್ತದೆ. ಗುಂಪಿಗೊಂದು ಬಣ್ಣದ ರಿಬ್ಬನ್ನನ್ನು ಕೈಗೆ ಕಟ್ಟಿ. ಕೊರಳಿಗೆ ಹಾಕುವ ಚೀಟಿಯ ಹೊರಗೆ ಶಾಲೆಯ ಹೆಸರು, ನಿಮ್ಮ ಮೊಬೈಲ್ ನಂಬರ್, ಬಸ್ಸಿನ ನಂಬರ್ ಇದ್ದರೆ ಸಾಕು. ಮಗುವಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಹೊರಗೆ ಬರೆಯಬೇಡಿ. ಗುರುತಿಲ್ಲದವರು ಹೆಸರು ಹಿಡಿದು ಕರೆದರೆ ಮಕ್ಕಳು ನಂಬಿಬಿಡುತ್ತಾರೆ.

ಈಗ ಲೆಕ್ಕದ ವಿಷಯ. ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಜಾಗ ಇದಕ್ಕೇ ಹೋಗಬೇಕು. ಬಸ್ಸಿನ ನಡುದಾರಿಯಲ್ಲಿ ನಡೆಯುತ್ತಾ ಒಂದು, ಎರಡು, ಮೂರು ಎಂದು ತಲೆ ಎಣಿಸುವುದು ಎಲ್ಲ ಶಾಲೆಗಳಲ್ಲೂ ಇರುವ ರೂಢಿ. ಎಷ್ಟು ಜನ ಇದ್ದಾರೆ ಎಂಬುದು ಅದರಿಂದ ಗೊತ್ತಾಗುತ್ತದೆ, ಯಾರಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಎರಡೂ ಒಂದೇ ಎಂದು ನಂಬಿದ ಕಡೆಯೇ ಮಕ್ಕಳು ಹಿಂದೆ ಉಳಿಯುವುದು.

ನಿಮ್ಮದೇ ಪ್ರವಾಸವನ್ನು ಇಟ್ಟುಕೊಂಡು ನೋಡೋಣ. ಬೆಳಿಗ್ಗೆ ಐದೂವರೆಗೆ ಶಾಲೆಯ ಮುಂದೆ ಒಂದನೇ ಗುಂಪಿನ ಹುಡುಗಿಯೊಬ್ಬಳು ಜ್ವರ ಬಂದು ಬಂದಿಲ್ಲ ಎಂದುಕೊಳ್ಳಿ. ಈಗ ಗುಂಪುಗಳು 11, 12, 11, 11. ಹೊರಟವರು 45. ಒಬ್ಬ ಶಿಕ್ಷಕರ ತಲೆಯಲ್ಲಿ ಇನ್ನೂ 46 ಇರುತ್ತದೆ, ಇನ್ನೊಬ್ಬರು ತಮ್ಮನ್ನೂ ಸೇರಿಸಿ ಎಣಿಸುತ್ತಾರೆ, ಮತ್ತೊಬ್ಬರು ಕಂಡಕ್ಟರನ್ನೂ ಸೇರಿಸುತ್ತಾರೆ. ಹಾಗಾಗಿ ಬಸ್ ಹೊರಡುವ ಮುಂಚೆ ನೀವು ನಿಂತು "ಇವತ್ತಿನ ಸಂಖ್ಯೆ ನಲವತ್ತೈದು, ಮಕ್ಕಳು ಮಾತ್ರ" ಎಂದು ಜೋರಾಗಿ ಹೇಳಿ. ಎಲ್ಲ ದೊಡ್ಡವರೂ ತಮ್ಮ ಪಟ್ಟಿಯಲ್ಲಿ ಬಾರದವಳ ಹೆಸರು ಹೊಡೆದು 45 ಎಂದು ಬರೆದುಕೊಳ್ಳಲಿ. ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಅವರ ಬಳಿ ಇರುವ ಪ್ರತಿಯಲ್ಲೂ ತಿದ್ದಿಸಿ. ಆಮೇಲೆ ಈ ಸಂಖ್ಯೆ ಬದಲಾಗುವಂಥ ಯಾವುದಕ್ಕೂ ಒಪ್ಪಬೇಡಿ. ಹಾಸನದಲ್ಲಿ ಚಿಕ್ಕಪ್ಪ ಇದ್ದಾರೆ, ಅಲ್ಲೇ ಇಳಿದುಕೊಳ್ಳುತ್ತೇನೆ ಎನ್ನುವ ಮಗು ಪ್ರತಿ ಪ್ರವಾಸದಲ್ಲೂ ಒಂದು ಇದ್ದೇ ಇರುತ್ತದೆ.

ಸಂಜೆ ಹಳೇಬೀಡು. ಡಿಸೆಂಬರ್ ಆದ್ದರಿಂದ ಅಲ್ಲಿ ಶಾಲಾ ಬಸ್ಸುಗಳ ಸಾಲೇ ನಿಂತಿರುತ್ತದೆ. ಎಲ್ಲವೂ ಕೆಂಪು ಬಸ್ಸು, ಸಮವಸ್ತ್ರದ ಬಣ್ಣವೂ ಹೆಚ್ಚು ಕಡಿಮೆ ಒಂದೇ. ಮಕ್ಕಳು ಹತ್ತಿದರು, ನೀವು ಎಣಿಸಿದಿರಿ, 45 ಬಂತು. ಡ್ರೈವರ್ ಬಸ್ ಸ್ಟಾರ್ಟ್ ಮಾಡಿದರು. ಆದರೆ ಹಿಂದಿನ ಸೀಟಿನಲ್ಲಿ ಮುಖಕ್ಕೆ ಸ್ವೆಟರ್ ಮುಚ್ಚಿಕೊಂಡು ಮಲಗಿರುವ ಹುಡುಗ ಬೇರೆ ಶಾಲೆಯವನು, ಸುಸ್ತಾಗಿ ತಪ್ಪು ಬಸ್ ಹತ್ತಿದ್ದಾನೆ. ನಿಮ್ಮ ನಾಲ್ಕನೇ ಗುಂಪಿನ ಒಬ್ಬ ಹುಡುಗ ಇನ್ನೂ ಶೌಚಾಲಯದಲ್ಲಿದ್ದಾನೆ. ತಲೆ ಲೆಕ್ಕ ಸರಿಯಾಗಿಯೇ ಇದೆ, ಮಗು ಮಾತ್ರ ಇಲ್ಲ. ಅದೇ ಹೊತ್ತಿನಲ್ಲಿ ನಾಲ್ಕನೇ ಗುಂಪಿನವರು ಹೆಸರು ಕರೆದಿದ್ದರೆ ಹತ್ತೇ "ಬಂದೆ" ಬರುತ್ತಿತ್ತು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹಾಗಾಗಿ ಪ್ರತಿ ಸಲ ಎರಡು ಲೆಕ್ಕ, ಇಬ್ಬರಿಂದ. ಗುಂಪಿನವರು ಪಟ್ಟಿ ಹಿಡಿದು ಹೆಸರು ಕರೆದು, ಮುಖ ನೋಡಿ, ಟಿಕ್ ಹಾಕಿ ನಿಮಗೆ ತಮ್ಮ ಸಂಖ್ಯೆ ಹೇಳುತ್ತಾರೆ. ನೀವು ಬೇರೆಯಾಗಿ ತಲೆ ಎಣಿಸುತ್ತೀರಿ. ನಾಲ್ಕು ಸಂಖ್ಯೆಗಳನ್ನು ಕೂಡಿದ್ದು ನಿಮ್ಮ ಎಣಿಕೆಗೆ ತಾಳೆಯಾದ ಮೇಲೆ, ನೀವೇ ಹೋಗಿ ಡ್ರೈವರ್‌ಗೆ "ಹೊರಡಿ" ಎನ್ನಬೇಕು. ಬೇರೆ ಯಾರು ರೈಟ್ ಎಂದರೂ ಗಾಡಿ ಕದಲಬಾರದು ಎಂದು ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಬೆಳಿಗ್ಗೆಯೇ ವಿನಂತಿಸಿ. ಗಾಡಿ ಚಲಿಸುತ್ತಿರುವಾಗ ಎಣಿಸಿದ್ದು ಲೆಕ್ಕವಲ್ಲ. ಮಕ್ಕಳು ಸೀಟು ಬದಲಿಸುತ್ತಾರೆ, ಒಬ್ಬರ ಹಿಂದೆ ಒಬ್ಬರು ಬಗ್ಗುತ್ತಾರೆ, ಎರಡು ಸಲ ಎಣಿಸಿದರೆ ಎರಡು ಉತ್ತರ ಬರುತ್ತದೆ. ಬೆಳಿಗ್ಗೆ ಕೂತ ಸೀಟೇ ಕೊನೆಯವರೆಗೂ ಎಂದು ನಿಯಮ ಮಾಡಿದರೆ ಖಾಲಿ ಜಾಗ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮುಂದಿನ ಗಾಜಿಗೂ ಬಾಗಿಲ ಪಕ್ಕದ ಕಿಟಕಿಗೂ ಶಾಲೆಯ ಹೆಸರಿನ ದೊಡ್ಡ ಹಾಳೆ ಅಂಟಿಸಿ, ಬಸ್ಸಿನ ಕೊನೆಯ ನಾಲ್ಕು ಅಂಕಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಎಲ್ಲೆಲ್ಲಿ ಎಣಿಸಬೇಕು? ಬಸ್ ಹತ್ತುವಾಗ, ಇಳಿದ ತಕ್ಷಣ ಎಂಬುದು ಎಲ್ಲರಿಗೂ ಗೊತ್ತಿದೆ. ಮರೆಯುವುದು ಚಪ್ಪಲಿ ಬಿಡುವ ಜಾಗವನ್ನು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಬುಡದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ಬೇಲೂರು, ಹಳೇಬೀಡಿನಲ್ಲೂ ಚಪ್ಪಲಿ ಹೊರಗೇ. ಹೊರಬಂದ ಮೇಲೆ ಅರ್ಧ ಮಕ್ಕಳು ಷೂ ಲೇಸ್ ಕಟ್ಟುತ್ತಾ, ಚಪ್ಪಲಿ ಹುಡುಕುತ್ತಾ ಹಿಂದೆ ಉಳಿಯುತ್ತಾರೆ, ಮುಂದಿನವರು ಆಗಲೇ ಅಂಗಡಿ ಸಾಲಿಗೆ ಹೋಗಿರುತ್ತಾರೆ. ಆದ್ದರಿಂದ ಎಲ್ಲರೂ ಚಪ್ಪಲಿ ಹಾಕಿಕೊಂಡ ಮೇಲೆ ಅಲ್ಲೇ ನಿಲ್ಲಿಸಿ ಒಂದು ಲೆಕ್ಕ ತೆಗೆದುಕೊಳ್ಳಿ, ಆಮೇಲೆ ನಡೆಯಿರಿ. ಬೆಟ್ಟಕ್ಕೆ ಬುಡದಲ್ಲೊಂದು, ಮೇಲೊಂದು, ಇಳಿದು ಚಪ್ಪಲಿ ಹಾಕಿದ ಮೇಲೊಂದು. ಹತ್ತುವಾಗ ಒಬ್ಬ ಶಿಕ್ಷಕರು ಎಲ್ಲರಿಗಿಂತ ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ ಇರಲಿ. ಮುಂದಿನವರನ್ನು ದಾಟಬಾರದು, ಹಿಂದಿನವರಿಗಿಂತ ಹಿಂದೆ ಉಳಿಯಬಾರದು, ಇಷ್ಟು ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಶೌಚಾಲಯಕ್ಕೆ ನಿಲ್ಲಿಸಿದಾಗ ಒಬ್ಬರು ಹೊರಬಾಗಿಲಲ್ಲೇ ನಿಂತು ಕೊನೆಯ ಮಗು ಬರುವ ತನಕ ಕದಲಬಾರದು.

ಮಗು ಕಾಣದಿದ್ದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಿ, ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಬಸ್ ನಿಲ್ಲುತ್ತದೆ, ಉಳಿದ ಮಕ್ಕಳೆಲ್ಲ ಒಳಗೇ ಕೂರುತ್ತಾರೆ, ಅವರ ಜೊತೆ ಇಬ್ಬರು ದೊಡ್ಡವರು ಇರುತ್ತಾರೆ. ಜೋಡಿಯ ಮಗುವನ್ನು ಕೇಳಿ: ಕೊನೆಗೆ ಎಲ್ಲಿ ನೋಡಿದೆ? ಒಬ್ಬರು ಕೊನೆಯ ಲೆಕ್ಕ ಸರಿಬಂದ ಜಾಗಕ್ಕೆ ಹೋಗಲಿ, ಇನ್ನೊಬ್ಬರು ಶೌಚಾಲಯ, ಅಂಗಡಿ ಸಾಲು, ಪಕ್ಕದ ಬಸ್ಸುಗಳನ್ನು ನೋಡಲಿ. ಹುಡುಕಲು ಮಕ್ಕಳನ್ನು ಕಳಿಸಬೇಡಿ, ಒಬ್ಬನ ಬದಲು ಮೂವರು ಕಾಣೆಯಾಗುತ್ತಾರೆ. ದೇವಸ್ಥಾನದ ಕಾವಲಿನವರಿಗೆ ಕೂಡಲೇ ಹೇಳಿ. ಹತ್ತು ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ, ಮುಖ್ಯೋಪಾಧ್ಯಾಯರಿಗೂ ತಿಳಿಸಿ. ಶಾಲೆಗೆ ಕೆಟ್ಟ ಹೆಸರು ಬರುತ್ತದೆ ಎಂದು ಕಾಯುತ್ತಾ ಕೂರುವ ಹೊತ್ತಲ್ಲ ಅದು. ಮಕ್ಕಳಿಗೆ ಹೇಳಿಕೊಡಬೇಕಾದದ್ದು ಒಂದೇ ಮಾತು: ದಾರಿ ತಪ್ಪಿದರೆ ಬಸ್ ಹುಡುಕಿಕೊಂಡು ಹೋಗಬೇಡ, ನಾವು ತೋರಿಸಿದ ಜಾಗಕ್ಕೆ ಬಂದು ನಿಲ್ಲು. ಬೇಲೂರಿನಲ್ಲಾದರೆ ಗುಡಿಯ ಎದುರಿನ ಗರುಡನ ಮುಂದೆ, ಹಳೇಬೀಡಿನಲ್ಲಾದರೆ ದೊಡ್ಡ ನಂದಿಯ ಮಂಟಪ. ಒಳಗೆ ಹೋದ ಕೂಡಲೇ ಕೈಮಾಡಿ ತೋರಿಸಿ.

ಒಪ್ಪಿಗೆ ಪತ್ರಕ್ಕೆ ಬರೋಣ. ಇಲಾಖೆಯ ಅನುಮತಿ ಬೇರೆ ಸಂಗತಿ. ಈ ವರ್ಷದ ಸುತ್ತೋಲೆ ಓದಿ, ಬಿಇಒ ಕಚೇರಿಗೆ ಸಾಕಷ್ಟು ಮುಂಚೆಯೇ ಅರ್ಜಿ ಕೊಟ್ಟು, ಅನುಮತಿ ಪತ್ರದ ಪ್ರತಿಯನ್ನು ಬಸ್ಸಿನಲ್ಲಿ ಇಟ್ಟುಕೊಳ್ಳಿ. ಪೋಷಕರ ಪತ್ರದ ಬಗ್ಗೆ ನಾನು ಹೇಳಬೇಕಾದದ್ದು ಬೇರೆ ಇದೆ. ಸಾಮಾನ್ಯವಾಗಿ ಅದರಲ್ಲಿ ಒಂದೇ ಸಾಲು ಇರುತ್ತದೆ: ನನ್ನ ಮಗಳನ್ನು ಪ್ರವಾಸಕ್ಕೆ ಕಳಿಸಲು ಒಪ್ಪಿಗೆ ಇದೆ, ಏನಾದರೂ ಆದರೆ ಶಾಲೆ ಹೊಣೆಯಲ್ಲ. ಹೊಣೆಯಲ್ಲ ಎಂದು ಬರೆಸಿಕೊಂಡ ಮಾತ್ರಕ್ಕೆ ಮಕ್ಕಳನ್ನು ಜೋಪಾನ ಮಾಡುವ ನಿಮ್ಮ ಕರ್ತವ್ಯ ತಪ್ಪುವುದಿಲ್ಲ. ಆ ಸಾಲು ತೆಗೆದುಬಿಡಿ, ಆ ಜಾಗದಲ್ಲಿ ಕೆಲಸಕ್ಕೆ ಬರುವ ಮಾಹಿತಿ ಕೇಳಿ.

ಪತ್ರದ ಮೇಲಿನ ಅರ್ಧ ನೀವು ಪೋಷಕರಿಗೆ ತಿಳಿಸುವುದು: ಯಾವ ದಿನ, ಎಷ್ಟು ಹೊತ್ತಿಗೆ ಹೊರಡುವುದು, ಯಾವ ಯಾವ ಜಾಗ, ಊಟ ಎಲ್ಲಿ, ವಾಪಸ್ಸು ಬರುವುದು ಎಷ್ಟು ಹೊತ್ತಿಗೆ, ಖರ್ಚು ಎಷ್ಟು. ಬೆಟ್ಟ ಹತ್ತುವುದಿದೆ ಎಂದು ಬರೆಯಿರಿ. ನೀರಿಗೆ ಇಳಿಯುವುದಿಲ್ಲ ಎಂದೂ ಬರೆಯಿರಿ. ಬರೆದ ಮೇಲೆ ಅದನ್ನು ಮೀರಬೇಡಿ. ಬೇಲೂರಿಗೆ ಹೋದಾಗ ಯಾರಾದರೂ "ಇಲ್ಲೇ ಹತ್ತಿರ ಯಗಚಿ ಡ್ಯಾಮ್ ಇದೆ, ಬೋಟಿಂಗ್ ಇದೆ, ಅರ್ಧ ಗಂಟೆ ಹೋಗಿಬರೋಣ" ಎಂದು ಹೇಳಿಯೇ ಹೇಳುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಸಹೋದ್ಯೋಗಿಗಳಿಗೂ ಆಸೆಯಾಗುತ್ತದೆ. ತಂದೆ ತಾಯಿ ಒಪ್ಪಿದ್ದು ಪತ್ರದಲ್ಲಿರುವ ಮೂರು ಜಾಗಕ್ಕೆ, ನಾಲ್ಕನೆಯದಕ್ಕಲ್ಲ. ನೀರಿನ ವಿಷಯದಲ್ಲಂತೂ ಕಟ್ಟುನಿಟ್ಟಾಗಿರಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ನೀರಿನಲ್ಲಿ ಆಡುತ್ತಿರುವ ಮಕ್ಕಳನ್ನು ದಡದಲ್ಲಿ ನಿಂತು ಎಣಿಸಲು ಯಾರಿಂದಲೂ ಆಗುವುದಿಲ್ಲ.

ಕೆಳಗಿನ ಅರ್ಧ ಪೋಷಕರು ನಿಮಗೆ ತಿಳಿಸುವುದು. ಎರಡು ಫೋನ್ ನಂಬರ್ ಬೇಕು, ಎರಡೂ ಬೇರೆ ಬೇರೆ ಮನೆಯವರದ್ದು. ಹೊಲದಲ್ಲಿರುವ ಅಪ್ಪನ ಫೋನ್ ಸ್ವಿಚ್ ಆಫ್ ಆಗಿದ್ದರೆ ಪಕ್ಕದ ಮನೆಯವರದ್ದೋ ಸೋದರಮಾವನದ್ದೋ ಸಿಗಬೇಕು. ತುರ್ತು ಬಂದರೆ ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಲು ಒಪ್ಪಿಗೆ, ರಾತ್ರಿ ಮಗುವನ್ನು ಕರೆದುಕೊಂಡು ಹೋಗಲು ಬರುವವರ ಹೆಸರು, ಆಮೇಲೆ ಆರೋಗ್ಯದ ವಿವರ.

ಆರೋಗ್ಯದ ಪ್ರಶ್ನೆಯನ್ನು ಹೇಗೆ ಕೇಳುತ್ತೀರಿ ಎಂಬುದು ಬಹಳ ಮುಖ್ಯ. "ಯಾವುದಾದರೂ ಕಾಯಿಲೆ ಇದೆಯೇ?" ಎಂದರೆ ನೂರಕ್ಕೆ ತೊಂಬತ್ತು ಪತ್ರಗಳಲ್ಲಿ "ಇಲ್ಲ" ಎಂದೇ ಬರುತ್ತದೆ. ದಿನಾ ಮಾತ್ರೆ ನುಂಗುವ ಮಗುವಿನ ತಾಯಿಗೂ ಅದು ಕಾಯಿಲೆ ಎನ್ನಿಸುವುದಿಲ್ಲ, ಅಭ್ಯಾಸವಾಗಿಬಿಟ್ಟಿರುತ್ತದೆ. ಮನೆಯಲ್ಲಿ ಆಡುವ ಮಾತಿನಲ್ಲೇ ಬಿಡಿಬಿಡಿಯಾಗಿ ಕೇಳಿ:

"ದಿನವೂ ತೆಗೆದುಕೊಳ್ಳುವ ಮಾತ್ರೆ, ಇಂಜೆಕ್ಷನ್, ಪಫ್ ಇದೆಯೇ? ಅದರ ಹೆಸರು, ಎಷ್ಟು, ಯಾವ ಹೊತ್ತಿಗೆ? ಯಾವಾಗಲಾದರೂ ಫಿಟ್ಸ್ ಬಂದಿತ್ತೇ? ಉಬ್ಬಸ, ದಮ್ಮು ಇದೆಯೇ? ಬಸ್ಸಿನಲ್ಲಿ ವಾಂತಿ ಆಗುತ್ತದೆಯೇ? ಯಾವ ಆಹಾರ ಅಥವಾ ಮಾತ್ರೆಯಿಂದ ಮೈಮೇಲೆ ಗಂಧೆ ಎದ್ದಿದೆ? ಜೇನು ಕಚ್ಚಿ ಮುಖ ಊದಿದ್ದುಂಟೇ? ಜ್ವರ ಬಂದರೆ ಶಿಕ್ಷಕರು ಪ್ಯಾರಾಸಿಟಮಾಲ್ ಕೊಡಬಹುದೇ? ಎಷ್ಟು?"

ಈ ಭಾಗವನ್ನು ಮಡಿಚಿ ಲಕೋಟೆಯಲ್ಲಿ ಹಾಕಿ ಕಳಿಸಲು ಹೇಳಿ. ಕ್ಲಾಸ್ ಲೀಡರ್ ಕೈಯಲ್ಲಿ ಸಂಗ್ರಹಿಸಬೇಡಿ. ಹುಡುಗಿಗೆ ಫಿಟ್ಸ್ ಬರುತ್ತದೆ ಎಂಬುದನ್ನು ಮನೆಯವರು ಮುಚ್ಚಿಡುವುದಕ್ಕೆ ಕಾರಣ ನಿಮಗೆ ಗೊತ್ತೇ ಇದೆ, ನಾಳೆ ಮದುವೆಯ ಮಾತು ಬರುತ್ತದೆ ಎಂಬ ಭಯ. ಇದು ನನ್ನ, ಗುಂಪಿನ ಶಿಕ್ಷಕಿಯ ಮತ್ತು ಮುಖ್ಯೋಪಾಧ್ಯಾಯರ ಬಳಿ ಮಾತ್ರ ಇರುತ್ತದೆ ಎಂದು ಪತ್ರದಲ್ಲೇ ಬರೆಯಿರಿ, ಆ ಮಾತನ್ನು ಉಳಿಸಿಕೊಳ್ಳಿ. ಸಹಿಯನ್ನೂ ಗಮನಿಸಿ. ಅಣ್ಣ ಅಕ್ಕಂದಿರು ಮಾಡಿದ ಸಹಿ ಬಹಳ ಸಲ ಬರುತ್ತದೆ, ಕೆಲವೊಮ್ಮೆ ಮಗುವೇ ಮಾಡಿರುತ್ತದೆ. ದಾಖಲಾತಿ ಅರ್ಜಿಯಲ್ಲಿರುವ ಸಹಿಯ ಜೊತೆ ಹೋಲಿಸಿ, ಅನುಮಾನ ಬಂದವರಿಗೆ ಫೋನ್ ಮಾಡಿ. ಹೆಬ್ಬೆಟ್ಟು ಒತ್ತುವವರಿದ್ದರೆ ಓದಿ ಹೇಳಿದವರ ಹೆಸರೂ ಪಕ್ಕದಲ್ಲಿರಲಿ. ಎಲ್ಲ ಪತ್ರಗಳದ್ದೂ ಎರಡು ಸೆಟ್ ಮಾಡಿ, ಒಂದು ನಿಮ್ಮ ಬ್ಯಾಗಿನಲ್ಲಿ, ಇನ್ನೊಂದು ಊರಿನಲ್ಲೇ ಉಳಿಯುವ ಮುಖ್ಯೋಪಾಧ್ಯಾಯರ ಬಳಿ. ಬಸ್ಸಿಗೇ ಏನಾದರೂ ಆದರೆ ಬಸ್ಸಿನೊಳಗಿನ ಕಾಗದದಿಂದ ಪ್ರಯೋಜನವಿಲ್ಲ.

ಔಷಧಿಯಲ್ಲಿ ಎರಡೇ ಬಗೆ ಇರಲಿ. ಒಂದು, ಮಗುವಿನ ಮನೆಯಿಂದಲೇ ಬಂದದ್ದು: ಹೆಸರು, ಪ್ರಮಾಣ, ಹೊತ್ತು ಬರೆದ ಕವರ್‌ನಲ್ಲಿ, ವೈದ್ಯರ ಚೀಟಿಯ ಪ್ರತಿಯ ಜೊತೆ. ಇನ್ನೊಂದು, ನಿಮ್ಮ ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಹತ್ತಿ, ಗಾಜ್, ಬ್ಯಾಂಡೇಜ್, ಅಂಟುಪಟ್ಟಿ, ನಂಜುನಿವಾರಕ ದ್ರಾವಣ, ಕತ್ತರಿ, ಕೈಗವಸು, ಥರ್ಮಾಮೀಟರ್, ಓಆರ್‌ಎಸ್, ಪ್ಯಾರಾಸಿಟಮಾಲ್, ಗ್ಲೂಕೋಸ್ ಪುಡಿ. ಇದರಾಚೆಗೆ ಏನೂ ಬೇಡ. ಸಹೋದ್ಯೋಗಿಗಳು ತಮ್ಮ ಪರ್ಸಿನಿಂದ ತೆಗೆದುಕೊಡುವ ನೋವಿನ ಮಾತ್ರೆ, ಭೇದಿ ನಿಲ್ಲಿಸುವ ಮಾತ್ರೆ ಮಕ್ಕಳಿಗೆ ಹೋಗಬಾರದು. ಪತ್ರದಲ್ಲಿ ಒಪ್ಪಿಗೆ ಇದ್ದರೆ ಮಾತ್ರ ಪ್ಯಾರಾಸಿಟಮಾಲ್, ಅದೂ ಪೋಷಕರು ಬರೆದಷ್ಟೇ. ಕೊಟ್ಟ ಹೊತ್ತನ್ನು ಬರೆದಿಡಿ. ಇಲ್ಲದಿದ್ದರೆ ಒಬ್ಬರು ಕೊಟ್ಟದ್ದು ಗೊತ್ತಿಲ್ಲದೆ ಇನ್ನೊಬ್ಬರು ಮತ್ತೊಂದು ಕೊಡುತ್ತಾರೆ.

ಪೆಟ್ಟಿಗೆಯನ್ನು ಬಸ್ಸಿನಲ್ಲಿ ಬಿಟ್ಟು ಹೋಗುವುದನ್ನು ತುಂಬಾ ಕಡೆ ನೋಡಿದ್ದೇನೆ. ಬಸ್ ನಿಲ್ಲುವುದು ದೂರದ ಪಾರ್ಕಿಂಗ್‌ನಲ್ಲಿ, ಡ್ರೈವರ್ ಬೀಗ ಹಾಕಿ ಊಟಕ್ಕೆ ಹೋಗಿರುತ್ತಾರೆ. ಅಷ್ಟರಲ್ಲಿ ಮಗುವಿಗೆ ಉಸಿರು ಕಟ್ಟುವುದು ವಿಂಧ್ಯಗಿರಿಯ ಮುನ್ನೂರನೇ ಮೆಟ್ಟಿಲಲ್ಲಿ. ಅಲ್ಲಿರುವುದು ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಡಿಸೆಂಬರಿನ ಬೆಳಗಿನ ತಣ್ಣನೆ ಗಾಳಿ. ಉಬ್ಬಸ ಇರುವ ಮಗುವಿಗೆ ಚಳಿಯೂ ಏರುವ ಶ್ರಮವೂ ಒಟ್ಟಿಗೆ ಸೇರಿದರೆ ಉಸಿರ್ನಾಳ ಬಿಗಿಯುತ್ತದೆ. ಆ ಮಗುವಿನ ನೀಲಿ ಪಫ್ ಮತ್ತು ಅದನ್ನು ಸಿಕ್ಕಿಸಿ ಉಸಿರೆಳೆಯುವ ಕೊಳವೆಯಾದ ಸ್ಪೇಸರ್ ಆ ಗುಂಪಿನ ಶಿಕ್ಷಕರ ಹೆಗಲ ಚೀಲದಲ್ಲಿ ಬೆಟ್ಟ ಹತ್ತಬೇಕು. ಹತ್ತುವ ಮೊದಲೇ ಪಫ್ ತೆಗೆದುಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಿ ಬರುವಂತೆ ಪೋಷಕರಿಗೆ ಹೇಳಿ. ದಮ್ಮು ಬಂದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ವೈದ್ಯರು ಬೇರೆ ಕ್ರಮ ಬರೆದುಕೊಟ್ಟಿದ್ದರೆ ಅದರಂತೆ, ಇಲ್ಲವಾದರೆ ಸ್ಪೇಸರ್‌ಗೆ ಒಂದು ಪಫ್ ಹಾಕಿ ನಾಲ್ಕು ಉಸಿರು ಎಳೆಸಿ. ಹೀಗೆ ನಾಲ್ಕು ಪಫ್ ಆದ ಮೇಲೆ ನಾಲ್ಕು ನಿಮಿಷ ನೋಡಿ, ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು ಕೊಟ್ಟು 108ಕ್ಕೆ ಕರೆ ಮಾಡಿ. ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಕಾಯಬೇಡಿ, ಮೊದಲೇ ಕರೆ ಮಾಡಿ. ಕೆಳಗಿಳಿಸಲು ಅಲ್ಲಿ ಡೋಲಿಯವರು ಸಿಗುತ್ತಾರೆ, ಹತ್ತುವ ಮೊದಲೇ ವಿಚಾರಿಸಿಕೊಂಡಿರಿ.

ಫಿಟ್ಸ್ ಇರುವ ಮಗುವಿನ ವಿಷಯದಲ್ಲಿ ಪ್ರವಾಸದ ದಿನವೇ ಅಪಾಯ ಹೆಚ್ಚು. ಹಿಂದಿನ ರಾತ್ರಿ ಖುಷಿಯಲ್ಲಿ ನಿದ್ದೆ ಮಾಡಿರುವುದಿಲ್ಲ, ನಾಲ್ಕು ಗಂಟೆಗೆ ಎದ್ದು ಓಡಿಬರುವ ಗಡಿಬಿಡಿಯಲ್ಲಿ ಬೆಳಗಿನ ಮಾತ್ರೆ ತಪ್ಪಿರುತ್ತದೆ. ನಿದ್ದೆಗೆಟ್ಟದ್ದು, ಮಾತ್ರೆ ತಪ್ಪಿದ್ದು, ಎರಡೂ ಫಿಟ್ಸ್ ತರಿಸುವ ಕಾರಣಗಳು. ಹಿಂದಿನ ಸಂಜೆ ತಾಯಿಗೆ ಫೋನ್ ಮಾಡಿ ಬೇಗ ಮಲಗಿಸಲು ಹೇಳಿ, ಬೆಳಿಗ್ಗೆ ಬಸ್ ಹತ್ತುವಾಗ ಮಾತ್ರೆ ಆಯಿತೇ ಎಂದು ಮೆಲ್ಲಗೆ ಕೇಳಿ. ರಾತ್ರಿ ತಡವಾಗಿ ಬರುವುದಾದರೆ ರಾತ್ರಿಯ ಮಾತ್ರೆಯೂ ಕವರ್‌ನಲ್ಲಿರಲಿ. ಬೆಟ್ಟದಲ್ಲಿ ಆ ಮಗುವಿನ ಪಕ್ಕ ದೊಡ್ಡವರೊಬ್ಬರು ಇರಲಿ, ಅಂಚಿನಲ್ಲಿ ಕೂರಿಸಬೇಡಿ. ಫಿಟ್ಸ್ ಬಂದರೆ ಗಡಿಯಾರ ನೋಡಿಕೊಳ್ಳಿ, ತಲೆಯ ಕೆಳಗೆ ಸ್ವೆಟರ್ ಇಡಿ, ಕೈಕಾಲು ಒತ್ತಿ ಹಿಡಿಯಬೇಡಿ, ಮಗ್ಗುಲಿಗೆ ತಿರುಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಕೈಗೆ ಕಬ್ಬಿಣದ ಕೀ ಕೊಡಲು, ಈರುಳ್ಳಿ ಮೂಸಿಸಲು ಜನ ಮುಗಿಬೀಳುತ್ತಾರೆ, ದೂರ ಸರಿಸಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108.

ವಾಂತಿ ಪ್ರಾಣಕ್ಕೆ ತರುವಂಥದ್ದಲ್ಲ ಅನ್ನಿಸುತ್ತದೆ, ಆದರೆ ಮಕ್ಕಳು ಕಿಟಕಿಯಿಂದ ತಲೆ ಹೊರಗೆ ಹಾಕುವುದು ಆಗಲೇ. ಎದುರಿನಿಂದ ಬರುವ ಲಾರಿಗೂ ನಮ್ಮ ಬಸ್ಸಿಗೂ ನಡುವೆ ಒಂದು ಗೇಣು ಜಾಗವೂ ಇರುವುದಿಲ್ಲ. ವಾಂತಿ ಆಗುವವರೆಂದು ಪತ್ರದಲ್ಲಿ ಬರೆದವರನ್ನೆಲ್ಲ ಮುಂದಿನ ಸಾಲುಗಳಲ್ಲಿ ಕೂರಿಸಿ, ಪ್ರತಿಯೊಬ್ಬರ ಕೈಗೂ ಎರಡೆರಡು ಕವರ್ ಕೊಡಿ, ತಲೆ ಹೊರಗೆ ಹಾಕಕೂಡದು ಎಂದು ತಾಕೀತು ಮಾಡಿ. ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಮುಕ್ಕಾಲು ಗಂಟೆ ಮೊದಲು ಮನೆಯಲ್ಲೇ ಕೊಟ್ಟು ಕಳಿಸಲಿ. ವಾಂತಿ ಶುರುವಾದ ಮೇಲೆ ನುಂಗಿಸಿದರೆ ಅದೂ ಹೊರಗೆ ಬರುತ್ತದೆ. ಆ ಮಾತ್ರೆ ನಿದ್ದೆ ತರಿಸುವುದರಿಂದ ನುಂಗಿದವರ ಹೆಸರು ನಿಮಗೆ ಗೊತ್ತಿರಲಿ, ಬಸ್ಸಿನಿಂದ ಇಳಿಯದೆ ಮಲಗಿಬಿಡುವವರು ಅವರೇ. ಖಾಲಿ ಹೊಟ್ಟೆಯಲ್ಲೂ ಎಣ್ಣೆ ತಿಂಡಿಯಲ್ಲೂ ಹೊರಡಿಸಬೇಡಿ, ಎರಡು ಇಡ್ಲಿ ಸಾಕು.

ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಅಂಗಡಿಯಲ್ಲಿ 200 ಮಿಲಿಯ ಚಿಕ್ಕದೂ ಸಿಗುತ್ತದೆ. ದೊಡ್ಡದನ್ನು ಒಂದು ಲೋಟಕ್ಕೆ ಕದಡಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿದ್ದರೆ ಊಟದ ಹೊತ್ತು ತಪ್ಪಿಸಬೇಡಿ, ಇನ್ಸುಲಿನ್ನನ್ನು ಡ್ಯಾಶ್‌ಬೋರ್ಡಿನ ಬಿಸಿಲಿನಲ್ಲಿ ಇಡಬೇಡಿ. ಮಗು ಬೆವತು ನಡುಗಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕೂಡಲೇ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಸ್ಯಾನಿಟರಿ ಪ್ಯಾಡ್, ಕಾಗದ, ಕಪ್ಪು ಕವರ್, ಒಂದೆರಡು ಒಳ ಉಡುಪು ಇರುವ ಚೀಲ ಶಿಕ್ಷಕಿಯ ಬಳಿ ಇರುತ್ತದೆ ಎಂದು ಹುಡುಗಿಯರಿಗೆ ಹಿಂದಿನ ದಿನವೇ ಹೇಳಿ, ಅವತ್ತು ಬಾಯಿಬಿಟ್ಟು ಕೇಳಲು ನಾಚುತ್ತಾರೆ.

ಬಸ್ಸಿನ ಸಾಮಾನನ್ನು ಏನೇನು ಎಂಬುದಕ್ಕಿಂತ ಎಲ್ಲೆಲ್ಲಿ ಎಂದು ಬರೆದುಕೊಳ್ಳಿ. ನಿಮ್ಮ ಹೆಗಲ ಚೀಲದಲ್ಲಿ ಇರಬೇಕಾದದ್ದು ಪಟ್ಟಿ, ಒಪ್ಪಿಗೆ ಪತ್ರ, ನಗದು ಹಣ, ಚಾರ್ಜ್ ಆದ ಪವರ್ ಬ್ಯಾಂಕ್, ಪೆನ್ನು, ವಿಷಲ್, ಟಾರ್ಚ್. ಬಾಗಿಲ ಹತ್ತಿರ, ಮುಂದಿನ ಸೀಟಿನ ಕೆಳಗೆ ವಾಂತಿಯ ಕವರ್, ಹಳೆಯ ಪೇಪರ್, ಒರೆಸುವ ಬಟ್ಟೆ, ಬಕೆಟ್, ಮಗ್, ಫಿನಾಯಿಲ್, ಕಸಕ್ಕೆ ದೊಡ್ಡ ಚೀಲ. ನೀರಿನ 20 ಲೀಟರ್ ಕ್ಯಾನ್‌ಗಳನ್ನು ನಡುದಾರಿಯಲ್ಲಿ ನಿಲ್ಲಿಸಬೇಡಿ. ಡ್ರೈವರ್ ಒಮ್ಮೆ ಬ್ರೇಕ್ ಹಾಕಿದರೆ ಅವು ಮಕ್ಕಳ ಕಾಲ ಮೇಲೆ ಉರುಳುತ್ತವೆ, ಹಗ್ಗದಿಂದ ಸೀಟಿನ ಕಾಲಿಗೆ ಕಟ್ಟಿ. ತುರ್ತು ಬಾಗಿಲಿಗೆ ಅಡ್ಡವಾಗಿ ಒಂದು ಚೀಲವೂ ಇರಬಾರದು. ಆ ಬಾಗಿಲು ತೆರೆಯುತ್ತದೆಯೇ, ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ ಎಂಬುದನ್ನು ಹೊರಡುವ ಮೊದಲು ಕಂಡಕ್ಟರ್‌ನಿಂದ ತೋರಿಸಿಕೊಳ್ಳಿ.

ಅಡುಗೆ ಪಾತ್ರೆ, ಗ್ಯಾಸ್ ಸಿಲಿಂಡರ್, ಒಲೆ ಹೊತ್ತುಕೊಂಡು ಹೋಗಿ ದಾರಿಯಲ್ಲಿ ಅನ್ನ ಮಾಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಖರ್ಚು ಉಳಿಯುತ್ತದೆ ಎಂಬುದು ನಿಜ, ಆದರೆ 45 ಮಕ್ಕಳು ಕೂತ ಬಸ್ಸಿನೊಳಗೆ ಗ್ಯಾಸ್, ಸೀಮೆಎಣ್ಣೆ ಯಾವುದನ್ನೂ ಹತ್ತಿಸಬಾರದು. ಕಟ್ಟಿಕೊಂಡು ಹೋಗುವುದಾದರೆ ಮಧ್ಯಾಹ್ನದ ಊಟಕ್ಕೆ ಪುಳಿಯೋಗರೆ ಸರಿ, ಚೆನ್ನಾಗಿ ಆರಿಸಿ ತುಂಬಬೇಕು. ನಸುಕಿನಲ್ಲಿ ಕಲಸಿದ ಮೊಸರನ್ನ, ಕಾಯಿ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತವೆ.

ರಾತ್ರಿ ವಾಪಸ್ಸು ಬರುವಾಗ "ನಮ್ಮೂರ ಗೇಟ್ ಹತ್ತಿರ ಇಳಿಸಿಬಿಡಿ ಮಿಸ್" ಎಂದು ಮಕ್ಕಳು ಗೋಗರೆಯುತ್ತಾರೆ. ಪತ್ರದಲ್ಲಿ ಹೆಸರಿರುವ ದೊಡ್ಡವರು ಅಲ್ಲಿ ನಿಂತಿದ್ದರೆ ಮಾತ್ರ ಇಳಿಸಿ, ಸಹಿ ಪಡೆದು ಟಿಕ್ ಹಾಕಿ, ಉಳಿದವರ ಸಂಖ್ಯೆಯನ್ನು ಮತ್ತೆ ಎಲ್ಲರಿಗೂ ಹೇಳಿ. ಶಾಲೆಯ ಮುಂದೆಯೂ ಹಾಗೆಯೇ. ಯಾರ ಮನೆಯವರೂ ಬಾರದೆ ಉಳಿದ ಮಗುವಿನ ಜೊತೆ ಇಬ್ಬರು ದೊಡ್ಡವರು ಕಾಯಬೇಕು, ಅದಕ್ಕೆ ಯಾರು ಎಂದು ಬೆಳಿಗ್ಗೆಯೇ ತೀರ್ಮಾನಿಸಿಕೊಳ್ಳಿ. ಬಸ್ಸಿನಿಂದ ಕೊನೆಗೆ ಇಳಿಯುವವರು ನೀವು. ಇಳಿಯುವ ಮೊದಲು ಟಾರ್ಚ್ ಹಿಡಿದು ಹಿಂದಿನ ಸೀಟಿನವರೆಗೂ ನಡೆದು ಸೀಟಿನ ಮೇಲೂ ಕೆಳಗೂ ನೋಡಿ. ಉಳಿದ ಮಾತ್ರೆಯ ಕವರ್‌ಗಳನ್ನು ಮಕ್ಕಳ ಕೈಗೆ ಕೊಡಬೇಡಿ, ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಕವರ್ ಮೇಲೆ ಬರೆದು ಕರೆದೊಯ್ಯಲು ಬಂದವರ ಕೈಗೇ ಕೊಡಿ.